ಫೋನ್ ಪುರಾಣ 4: ಅಮ್ಮನ ಹೆಸರು

ಅಮ್ಮನ ಕಣ್ಣಿನ ಪೊರೆ ಆಪರೇಷನ್ ಆಗಿ ತಿಂಗಳಾದರೂ ಇನ್ಶೂರೆನ್ಸ್ ದುಡ್ಡು ಬರಲಿಲ್ಲ. ಕೊನೆಗೆ ಬಂದ ಮೇಲ್ ತೆಗೆದು ನೋಡಿದರೆ ಪೇಷಂಟ್ ಹೆಸರು FUNATI ಅಂತಿದೆ! ಆಧಾರ್‌ನಲ್ಲಿರೋದು SUMATHI. ಹೆಸರು ತಾಳೆಯಾಗದೆ ಕ್ಲೇಮ್ ನಿಂತಿತ್ತು.

ತಪ್ಪು ನನ್ನದೂ ಇತ್ತು. ಮೊದಲ ಸಲ ಫೋನ್ ಮಾಡಿದಾಗ ಏಳಕ್ಷರವನ್ನೂ ಒಂದೇ ಉಸಿರಲ್ಲಿ ಹೇಳಿದ್ದೆ. ಎಸ್, ಎಫ್ ಎರಡೂ ಶುರುವಾಗೋದು 'ಎ' ಅಂತಲೇ. ವ್ಯತ್ಯಾಸ ಇರೋದು ಕೊನೆಯ 'ಸ್ಸ್', 'ಫ್ಫ್'ನಲ್ಲಿ. ಹಳೇ ಪದ್ಧತಿಯ ಫೋನ್ ಲೈನು ಸುಮಾರು 300ರಿಂದ 3400 ಹರ್ಟ್ಸ್ ತನಕದ ದನಿಯನ್ನಷ್ಟೇ ದಾಟಿಸುತ್ತೆ, ಆ ಎರಡನ್ನು ಬೇರೆ ಮಾಡೋ ಸದ್ದು ಹೆಚ್ಚಾಗಿ ಅದಕ್ಕಿಂತ ಮೇಲಿರುತ್ತೆ. ಎಂ, ಎನ್ ಕಥೆಯೂ ಹೆಚ್ಚುಕಮ್ಮಿ ಹೀಗೇ, ಎರಡೂ ಮೂಗಿನ ಅಕ್ಷರ. ಇನ್ನು ಎಚ್? 'ತಿ'ಗೆ ಟಿ ಎಚ್ ಐ ಬರೆಯೋದು ನಮ್ಮ ದಕ್ಷಿಣದ ರೂಢಿ. ಉತ್ತರದ ಕಡೆಯವರು SUMATI ಅಂತ ಬರೀತಾರೆ. ಅವರ ಕೈ ಎಚ್ ಅನ್ನು ಹಾಗೇ ದಾಟಿಬಿಡುತ್ತೆ.

ಎರಡನೇ ಸಲ ಜಾಣೆಯಾದೆ. "ಎಸ್ ಫಾರ್ ಶಿವಮೊಗ್ಗ, ಎಂ ಫಾರ್ ಮಂಡ್ಯ, ಟಿ ಫಾರ್ ತುಮಕೂರು, ಎಚ್ ಫಾರ್ ಹಾಸನ..." ಆ ಕಡೆ ಹುಡುಗ, "ಎ ಫಾರ್ ಅಸ್ಸಾಂ, ಮ್ಯಾಮ್?" ಅಂದ. ಪಾಪ, ಅವನಿಗೆ ನಮ್ಮ ಹಾಸನ ಎಲ್ಲಿಂದ ಗೊತ್ತಿರಬೇಕು! ಹೇಳೋರಿಗೂ ಕೇಳೋರಿಗೂ ಗೊತ್ತಿರೋ ಪದವೇ ಆಗಬೇಕು.

ಆಮೇಲೆ ವಿಮಾನದವರ ಪಟ್ಟಿ ಹಿಡಿದೆ. ನಾನಾ ಭಾಷೆಯ ಪೈಲಟ್‌ಗಳಿಗೆ ರೇಡಿಯೋ ಗಲಾಟೆಯಲ್ಲೂ ತಿಳಿಯಲಿ ಅಂತ ಪದಗಳನ್ನು ಪರೀಕ್ಷಿಸಿ, 1956ರಲ್ಲಿ ಜಾರಿಗೆ ತಂದ ಪಟ್ಟಿ ಅದು. ಅದರಲ್ಲಿ ಅಮ್ಮ ಹೀಗೆ: ಸಿಯೆರಾ, ಯೂನಿಫಾರ್ಮ್, ಮೈಕ್, ಆಲ್ಫಾ, ಟ್ಯಾಂಗೋ, ಹೋಟೆಲ್, ಇಂಡಿಯಾ. ಎನ್‌ಗೆ ಅಲ್ಲಿ ನವೆಂಬರ್. ಮೈಕ್, ನವೆಂಬರ್ ಯಾವ ಕಿವಿಗೂ ಒಂದೇ ಥರ ಕೇಳಲ್ಲ. ಅದೇ ಮಂಡ್ಯವನ್ನು ನಂದ್ಯಾಲ ಅಂತ ಕೇಳಿಸಿಕೊಂಡರೆ ಮುಗೀತು.

ಆದರೂ ಬರೀ ಪದ ಹೇಳಿದರೆ ಸಾಲದು. ಸಿಯೆರಾ ಅಂದದ್ದೇ ಅವನು ಸಿ ಟೈಪ್ ಮಾಡಿದ. ಹಾಗಾಗಿ ಮೊದಲು ಅಕ್ಷರ, ಆಮೇಲೆ ಪದ: "ಎಸ್, ಸಿಯೆರಾ". ಒಂದೊಂದಕ್ಕೂ ಅವನು ಹೂಂ ಅನ್ನೋ ತನಕ ನಿಲ್ಲಬೇಕು. ಎಚ್ ಹತ್ತಿರ ಬಂದಾಗ "ಟಿ ಆದ್ಮೇಲೆ ಎಚ್ ಇದೆ, ಒಟ್ಟು ಏಳಕ್ಷರ" ಅಂತ ಎಣಿಕೆಯನ್ನೂ ಕೊಟ್ಟೆ. ಕೊನೆಗೆ, "ಈಗ ನೀವು ಓದಿ, ನಿಮ್ಮದೇ ಪದ ಸೇರಿಸಿ" ಅಂದೆ. ನಾನು ಹೇಳಿದ್ದನ್ನೇ ಗಿಳಿಪಾಠ ಮಾಡಿದರೆ ಪರದೆ ಮೇಲೇನಿದೆ ಅಂತ ತಿಳಿಯಲ್ಲವಲ್ಲ. "ಎಸ್ ಫಾರ್ ಸೂರತ್... ಎಂ ಫಾರ್ ಮುಂಬೈ... ಎಚ್ ಫಾರ್ ಹೈದರಾಬಾದ್..." ಆಗ ಉಸಿರು ಬಿಟ್ಟೆ.

ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕ್ಕೊಂಡು ಕೂತಿದ್ದ ಅಮ್ಮ, "ಅಷ್ಟುದ್ದ ಯಾಕೇ? ಸು-ಮ-ತಿ. ಮೂರೇ ಅಕ್ಷರ" ಅಂದಳು.

ಹತ್ತು ದಿನಕ್ಕೆ ದುಡ್ಡು ಬಂತು. ಮೊನ್ನೆ ಅಡುಗೆಮನೆಯಿಂದ ಅಮ್ಮನ ದನಿ, ಕೊರಿಯರ್ ಹುಡುಗನ ಜೊತೆ: "ಎಂ, ಮೈಕು. ಎಚ್, ಹೋಟ್ಲು. ಹೂಂ, ಈಗ ನೀನು ಓದಪ್ಪ."