ಲೈವ್ ಚಾಟ್‌ಗೆ ಬೀಗ ಹಾಕಿದ್ದು ನಾನೇ



ಏಪ್ರಿಲ್ 14ರ ಸಂಜೆ ನಮ್ಮ ಭವನದಿಂದ ಯೂಟ್ಯೂಬ್ ಲೈವ್ ಮಾಡಿದ್ವಿ. ಚಾಟ್ ನೋಡ್ಕೊಳ್ಳೋ ಕೆಲಸ ನನ್ನದು. ಹತ್ತು ನಿಮಿಷ ಆಗಿರಲಿಲ್ಲ, ಜಾತಿ ಹಿಡಿದು ಬೈಯೋದು ಶುರುವಾಯ್ತು. ಒಬ್ಬನಂತೂ ಅದೇ ಸಾಲನ್ನ ಬಿಡದೆ ಅಂಟಿಸ್ತಿದ್ದ. ಸಿಟ್ಟಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಕಂಡದ್ದನ್ನೆಲ್ಲ ಆನ್ ಮಾಡಿದೆ.

ಸ್ಲೋ ಮೋಡ್ 60 ಸೆಕೆಂಡ್ ಇಟ್ಟೆ. ಅಂದ್ರೆ ಒಂದು ಮೆಸೇಜ್ ಹಾಕಿದವರು ಇನ್ನೊಂದಕ್ಕೆ ಒಂದು ನಿಮಿಷ ಕಾಯಬೇಕು. ಅಂಟಿಸುವವನ ಕೈ ಕಟ್ಟಿತು, ನಿಜ. ಆದರೆ ಯೂಟ್ಯೂಬ್ ಚಾಟ್‌ನಲ್ಲಿ ಒಂದು ಮೆಸೇಜಿಗೆ 200 ಅಕ್ಷರ ಅಷ್ಟೇ. ತನ್ನೂರಿನ ಹೋಟೆಲ್ ಲೋಟದ ಕತೆ ಬರೀತಿದ್ದ ಹುಡುಗನಿಗೆ ಐದು ಮೆಸೇಜ್ ಬೇಕಿತ್ತು. ತುಂಡು ತುಂಡಾಗಿ, ಬೇರೆಯವರ ಮಾತಿನ ನಡುವೆ ಎಲ್ಲೆಲ್ಲೋ ಬಿತ್ತು. ಓದಿದವರಿಗೆ ತಲೆಬುಡ ಗೊತ್ತಾಗಲಿಲ್ಲ. ನಾನು ಮಾಡರೇಟರ್ ಆದ್ದರಿಂದ ನನಗೆ ಆ ಕಾಯುವಿಕೆ ಇಲ್ಲ, ಹಾಗಾಗಿ ಅದರ ಕಷ್ಟ ನನಗೆ ತಿಳಿಯಲೇ ಇಲ್ಲ.

ಸಬ್‌ಸ್ಕ್ರೈಬರ್ಸ್ ಓನ್ಲಿ ಹಾಕಿದ್ದು ಇನ್ನೂ ದಡ್ಡತನ. ಸಬ್‌ಸ್ಕ್ರೈಬ್ ಆಗದವರು ಚಾಟ್ ಓದಬಹುದು, ಬರೆಯೋಕಾಗಲ್ಲ. ಅದರ ಜೊತೆ ಕನಿಷ್ಠ ಅವಧಿಯನ್ನೂ ಇಟ್ಟಿದ್ದೆ. ಅವತ್ತು ಸಂಜೆಯೇ ಲಿಂಕ್ ಒತ್ತಿ ಸಬ್‌ಸ್ಕ್ರೈಬ್ ಆದವರೂ ಹೊರಗೇ ನಿಂತರು. ಬೈಯೋಕೆ ಅಂತ ಮೊದಲೇ ಸೇರಿಕೊಂಡಿದ್ದವರು ಒಳಗಿದ್ದರು!

ಇವೆರಡರಲ್ಲಿ ಅಡ್ಡಿ ಇದೆ ಅನ್ನೋದಾದ್ರೂ ನೋಡುಗರಿಗೆ ಪರದೆ ಮೇಲೆ ಕಾಣುತ್ತೆ. ಮೂರನೇದು ಹಾಗಲ್ಲ.

ಅನುಮಾನ ಬಂದ ಮೆಸೇಜನ್ನ ಯೂಟ್ಯೂಬ್ ಪರಿಶೀಲನೆಗೆ ಅಂತ ಹಿಡಿದಿಡುತ್ತೆ. ಮಾಡರೇಟರ್‌ಗೆ ಅದು ಕಾಣುತ್ತೆ, ತೋರಿಸು ಅಥವಾ ಅಡಗಿಸು ಅಂತ ಆಯ್ಕೆ ಇರುತ್ತೆ. ಉಳಿದ ನೋಡುಗರಿಗೆ ಖಾಲಿ ಜಾಗವೂ ಕಾಣಲ್ಲ, ಸೂಚನೆಯೂ ಇಲ್ಲ. ಆ ಮಾತು ಹುಟ್ಟೇ ಇಲ್ಲ ಅನ್ನೋ ಹಾಗೆ.

ಕಾರ್ಯಕ್ರಮ ಮುಗಿದ ಮೇಲೆ ಪಕ್ಕದೂರಿನ ಅಕ್ಕ ಫೋನ್ ಮಾಡಿದ್ರು. "ಏನಣ್ಣ, ನಾನು ಬರೆದಿದ್ದು ಮಗನ ಫೋನಲ್ಲಿ ಬರ್ಲೇ ಇಲ್ಲ. ನಮ್ದು ಬೇಡ ಅಂತ ತೆಗೆದ್ರಾ?" ಅಂದ್ರು. ಹೋಗಿ ನೋಡಿದೆ. ತನ್ನನ್ನು ಬೋರ್‌ವೆಲ್ ಹತ್ತಿರ ಏನಂತ ಬೈದರೋ ಅದನ್ನೇ ಹಾಗ್ಹಾಗೇ ಬರೆದಿದ್ದರು. ಬೈದವರ ಮಾತೂ, ಬೈಸಿಕೊಂಡವರ ಮಾತೂ ಫಿಲ್ಟರಿಗೆ ಒಂದೇ. ನಾನು ಸ್ಟೇಜ್ ಕಡೆ ನೋಡ್ತಾ ಕೂತಿದ್ದೆ, ಒಂದು ಸಲ ಒತ್ತಿದ್ರೆ ಬರ್ತಿತ್ತು.

ಮುಂದಿನ ಲೈವ್‌ಗೆ ಸ್ಲೋ ಮೋಡ್ 10 ಸೆಕೆಂಡ್, ಸಬ್‌ಸ್ಕ್ರೈಬರ್ ಬೀಗ ಇಲ್ಲ. ಹಿಡಿದಿಡೋದು ಇರಲಿ, ಆದರೆ ಅದನ್ನ ನೋಡೋಕೇ ಒಬ್ಬರು ಕೂರಬೇಕು. ತಡವಾಗಿ ಬಿಟ್ಟದ್ದನ್ನ ಮೈಕಲ್ಲಿ ಓದಬೇಕು, ಯಾಕಂದ್ರೆ ಅಷ್ಟೊತ್ತಿಗೆ ಮಾತು ಮುಂದೆ ಹೋಗಿರುತ್ತೆ. ಇನ್ನೊಂದು ಫೋನಲ್ಲಿ, ಮಾಡರೇಟರ್ ಅಲ್ಲದ ಖಾತೆಯಿಂದ ಚಾಟ್ ತೆರೆದಿಡ್ತೀನಿ. ಜನಕ್ಕೆ ಕಾಣೋದು ಅದರಲ್ಲೇ ಗೊತ್ತಾಗೋದು.

ಅಕ್ಕನ್ನ ಈ ಸಲ ವೇದಿಕೆಗೇ ಕರೆದಿದ್ದೀವಿ. ಬರ್ತೀನಿ ಅಂದಿಲ್ಲ ಇನ್ನೂ.