ಮನಿ, ಮನೆ ಮತ್ತು ಒಂದು ಚೀಟಿ

ಹೋದ ವರ್ಷ ದೀಪಾವಳಿ ರಜೆ ಮುಗಿಯುವ ಹೊತ್ತಿಗೆ ನಮ್ಮ ಚಿಗವ್ವ ನಾಲ್ಕನೇ ಇಯತ್ತೆಯ ಹುಡುಗಿಯೊಬ್ಬಳ ಹೋಮ್‌ವರ್ಕ್ ಪಟ್ಟಿ ತಂದು ನನ್ನ ಮುಂದಿಟ್ಟಳು. ಆಕೆ ಮೂಡಲಗಿ ಕಡೆಯ ಒಂದು ಹಳ್ಳಿಯಲ್ಲಿ ಶಿಕ್ಷಕಿ. ಹುಡುಗಿ 'ನಮ್ಮ ಊರು' ಎಂದು ಹತ್ತು ಸಾಲು ಬರೆದಿದ್ದಳು. ಹತ್ತಕ್ಕೆ ನಾಲ್ಕು ಅಂಕ ಬಿದ್ದಿತ್ತು. ಮರುದಿನ ತಾಯಿ ಕಬ್ಬಿನ ಕೆಲಸಕ್ಕೆ ಹೋಗುವ ಮುಂಚೆ ಸಾಲಿಯ ಬಾಗಿಲಿಗೆ ಬಂದು ನಿಂತು ಕೇಳಿದ್ದಳಂತೆ: "ನಮ್ಮ ಹುಡುಗಿ ನಾವು ಮಾತಾಡೂ ಹಂಗ ಬರದಾಳ್ರಿ. ಹಂಗಾದ್ರ ನಮ್ಮ ಮಾತೇ ತಪ್ಪೇನ್ರಿ, ಅಕ್ಕಾರ?"

ಚಿಗವ್ವನಿಗೆ ಉತ್ತರ ಹೊಳೆದಿರಲಿಲ್ಲ. "ತಮ್ಮಾ, ನೀ ಭಾಷಾದ ಮ್ಯಾಲೇ ಪಿಎಚ್‌ಡಿ ಮಾಡಾಕತ್ತಿ. ಆಕಿಗೊಂದು ಚೀಟಿ ಬರದು ಕೊಡು. ನಾ ಬರದ್ರ ಬೈದಂಗ ಆಗ್ತೈತಿ" ಅಂದಳು. ತಾಯಿ ಹುಕ್ಕೇರಿ ಕಡೆಯವಳು, ಏಳನೇ ಇಯತ್ತೆಯವರೆಗೆ ಕಲಿತವಳು. ನಿಧಾನಕ್ಕೆ ಓದುತ್ತಾಳೆ. ಇನ್ನು ಮೇಲೆ ಮನೆಯಲ್ಲಿ ಮಗಳಿಗೆ ಹೇಳಿಕೊಡುವುದನ್ನೇ ಬಿಡುತ್ತೇನೆ, ನಾ ಹೇಳಿದರೆ ಮತ್ತಷ್ಟು ತಪ್ಪಾದೀತು ಎಂದೂ ಅಂದಿದ್ದಳಂತೆ. ಚಿಗವ್ವನಿಗೆ ಚಿಂತೆ ಹತ್ತಿದ್ದು ಈ ಮಾತಿಗೆ.

ನಾನು ಮೊದಲು ಕೆಂಪು ಸುತ್ತುಗಳನ್ನು ಎಣಿಸಿದೆ. ಒಟ್ಟು ಹನ್ನೆರಡು. ಒಂದಕ್ಕೆ ಅರ್ಧ ಅಂಕದಂತೆ ಆರು ಅಂಕ ಹೋಗಿತ್ತು. ಆಮೇಲೆ ಅವನ್ನು ಬೇರೆ ಬೇರೆ ಮಾಡಿ ಬರೆದುಕೊಂಡೆ. ಮನಿ ಮೂರು ಸಲ, ಹೊಳಿ ಎರಡು ಸಲ, ಸಾಲಿ ಎರಡು ಸಲ. ಎಲಿ, ಬೆಳಿ, ಕೆರಿ ಒಂದೊಂದು ಸಲ. ಅಲ್ಲಿಗೆ ಹತ್ತು. ಉಳಿದವು ಎರಡು: 'ಊರು' ಎನ್ನುವಲ್ಲಿ 'ಊರ', 'ಕುರಿ' ಎನ್ನುವಲ್ಲಿ 'ಕುರೆ'.

ಮೊದಲ ಹತ್ತಕ್ಕೆ ಕಾರಣ ಒಂದೇ. ಗೋಕಾಕ, ಮೂಡಲಗಿ, ಹುಕ್ಕೇರಿ ಅಷ್ಟೇ ಅಲ್ಲ, ಧಾರವಾಡದ ಕಡೆಯೂ ನಾವು ಪದದ ಕೊನೆಯ ಎಕಾರವನ್ನು ಇಕಾರ ಮಾಡಿ ಆಡುತ್ತೇವೆ. ಪುಸ್ತಕದ ಮನೆ ನಮ್ಮ ಬಾಯಲ್ಲಿ ಮನಿ, ತಲೆ ತಲಿ, ಘಟಪ್ರಭೆಯ ಹೊಳೆ ಹೊಳಿ. ಇದು ಸೋಮಾರಿತನವಲ್ಲ, ಮನಸ್ಸಿಗೆ ಬಂದ ಹಾಗೆ ಆಗುವುದೂ ಅಲ್ಲ. ಒಂದು ನೇಮದ ಪ್ರಕಾರ ಆಗುವ ಬದಲಾವಣೆ. 'ಸಾಲಿ'ಯಲ್ಲಿ ಮಾತ್ರ ಶಕಾರ ಸಕಾರವಾದದ್ದು ಕೂಡಿಕೊಂಡಿದೆ. ಧಾರವಾಡದ ಬೇಂದ್ರೆಯವರೂ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದ ಆನಂದಕಂದರೂ ಈ ಸೀಮೆಯ ಆಡುಮಾತನ್ನು ಕವಿತೆಯಲ್ಲಿ ಅಚ್ಚು ಹಾಕಿಸಿದವರು. ಹಾಗಾಗಿ ತಾಯಿಯ ಪ್ರಶ್ನೆಗೆ ಉತ್ತರ ಸರಳ: ಮಾತು ತಪ್ಪಲ್ಲ, ಬರವಣಿಗೆಯ ರೂಢಿ ಬೇರೆ. ಆದರೆ ಇಷ್ಟು ಹೇಳಿದರೆ ಹುಡುಗಿಗೆ ಮುಂದಿನ ಸಲವೂ ನಾಲ್ಕೇ ಅಂಕ ಬರುತ್ತದೆ.

ನನ್ನನ್ನು ನಿಲ್ಲಿಸಿದ್ದು ಆ 'ಕುರೆ'. ನಮ್ಮಲ್ಲಿ ಯಾರೂ ಕುರೆ ಅನ್ನುವುದಿಲ್ಲ. ಮನೆಯಲ್ಲೂ ಕುರಿ, ಪುಸ್ತಕದಲ್ಲೂ ಕುರಿ. ಮತ್ತೆ ಈ ತಪ್ಪು ಎಲ್ಲಿಂದ ಬಂತು? ಪಟ್ಟಿಯ ಹಿಂದಿನ ಹಾಳೆ ತಿರುವಿದೆ. ಅಲ್ಲಿ ಹಳೆಯ ತಪ್ಪುಗಳನ್ನು ಹತ್ತತ್ತು ಸಲ ಬರೆಸಿದ್ದರು: ತಲೆ ತಲೆ ತಲೆ, ಬಲೆ ಬಲೆ ಬಲೆ. ಹುಡುಗಿ ಅದರಿಂದ ಪಾಠ ಕಲಿತಿದ್ದಳು, ಆದರೆ ಕಲಿಸಬೇಕೆಂದಿದ್ದ ಪಾಠವನ್ನಲ್ಲ. 'ಕೊನೆಗೆ ಇ ಬಂದರೆ ಅಕ್ಕಾರು ಎ ಮಾಡಿಸುತ್ತಾರೆ' ಎಂದು ತಿಳಿದು ಕುರಿಯನ್ನೂ ತಿದ್ದಿಬಿಟ್ಟಿದ್ದಳು. ತಪ್ಪಾಗುವುದೆಂಬ ಅಂಜಿಕೆಯಲ್ಲಿ ಸರಿಯಿದ್ದದ್ದನ್ನೂ ಕೆಡಿಸುವುದು ಇದು. ಒಂದು ಮಗುವಿನ ಬರಹದಲ್ಲಿ ಮನಿ ಕಂಡರೆ ಅದು ಕಿವಿಯನ್ನು ನಂಬಿ ಬರೆಯುತ್ತಿದೆ ಎಂದು ಅರ್ಥ. ಕುರೆ, ಹುಲೆ ಕಾಣತೊಡಗಿದರೆ ಅದು ತನ್ನ ಕಿವಿಯನ್ನೇ ನಂಬುವುದು ಬಿಟ್ಟಿದೆ ಎಂದು ಅರ್ಥ.

ಕಿವಿಗೆ ಇಲ್ಲಿ ಸಹಾಯ ಮಾಡಲು ಆಗುವುದೂ ಇಲ್ಲ. ಕೈಗೆ ಹಾಕುವ ಬಳೆಯೂ ನಮಗೆ ಬಳಿ, ಗೋಡೆಗೆ ಸುಣ್ಣ ಬಳಿ ಎನ್ನುವಾಗಲೂ ಬಳಿ. ಎರಡು ದನಿ ಒಂದಾದ ಮೇಲೆ 'ಸರಿಯಾಗಿ ಕೇಳಿಸಿಕೊಂಡು ಬರಿ' ಎಂದು ಎಷ್ಟು ಹೇಳಿದರೂ ಮಗುವಿಗೆ ಕೇಳುವುದು ಒಂದೇ. ನಾನು ಕಲಿತ ಸಾಲಿಯಲ್ಲಿ ಇದೇ ಮಾತು ಹೇಳಿ ಬೆತ್ತ ತೋರಿಸುತ್ತಿದ್ದರು. ನಾನು ಕಿವಿ ನಿಮಿರಿಸಿ ಕೇಳುತ್ತಿದ್ದೆ. ಅಲ್ಲಿ ಕೇಳುವಂಥದ್ದು ಏನೂ ಇರಲಿಲ್ಲ ಎಂದು ತಿಳಿದದ್ದು ಎಂ.ಎ.ಗೆ ಬಂದ ಮೇಲೆ.

ಆದರೆ ಪದದ ಕೊನೆಯಲ್ಲಿ ಅಳಿಸಿಹೋದ ಗುರುತು ಪದದ ಮೊದಲಲ್ಲಿ ಉಳಿದಿದೆ. ಎಲೆ ಮತ್ತು ಇಲಿಯನ್ನೇ ನೋಡಿ. ತಮಿಳಿನಲ್ಲಿ 'ಎಲಿ' ಅಂದರೆ ನಮ್ಮ ಇಲಿ, 'ಇಲೈ' ಅಂದರೆ ನಮ್ಮ ಎಲೆ. ತಮಿಳಿನ 'ಸೆವಿ' ನಮ್ಮಲ್ಲಿ ಕಿವಿ. ಬಹಳ ಹಿಂದೆ ಕನ್ನಡದಲ್ಲಿ ಮುಂದಿನ ಅಕ್ಷರದ ಇ, ಉ ತನ್ನ ಹಿಂದಿನ ಎ, ಒಗಳನ್ನು ಎಳೆದು ಇ, ಉ ಮಾಡಿಬಿಟ್ಟಿತು. ಹಾಗಾಗಿ ಕೊನೆಯಲ್ಲಿ ನಿಜವಾದ ಇ ಇರುವ ಸಣ್ಣ ಪದಗಳ ಮೊದಲಲ್ಲಿ ಎ, ಒ ಉಳಿಯಲಿಲ್ಲ: ಇಲಿ, ಕಿವಿ, ಗಿಳಿ, ಹುಲಿ, ಕುರಿ. ಎಕಾರದಿಂದ ಕೊನೆಯಾಗುವ ಪದಗಳಲ್ಲಿ ಅವು ಉಳಿದವು: ಎಲೆ, ಕೆರೆ, ಬೆಳೆ, ಹೊಳೆ, ಒಲೆ. ನಮ್ಮ ಸೀಮೆಯಲ್ಲಿ ಕೊನೆಯ ಎ ಇ ಆದದ್ದು ಇದೆಲ್ಲ ಮುಗಿದ ಮೇಲೆ. ಹಾಗಾಗಿ ನಾವು ಹೊಳಿ ಅಂದರೂ ಮೊದಲಕ್ಷರದ 'ಹೊ' ಹಾಗೇ ನಿಂತಿದೆ, 'ಹು' ಆಗಲಿಲ್ಲ. ಮಗು ಪದದ ಬಾಲ ನೋಡದೆ ತಲೆ ನೋಡಿದರೆ ಸಾಕು. ಮತ್ತೆ ಆ ತಲೆ ನಮ್ಮ ಮಾತಿನಲ್ಲೇ ಚೊಕ್ಕಟವಾಗಿ ಕೇಳುತ್ತದೆ, ತಾಯಿಗೂ ಕೇಳುತ್ತದೆ.

ಹುಡುಗಿಯ ಪದಗಳಿಗೆ ಇದನ್ನು ಹಚ್ಚಿ ನೋಡಿದೆ. ಹೊಳೆ, ಎಲೆ, ಬೆಳೆ, ಕೆರೆ ನಾಲ್ಕೂ ಕೂತವು. ಕುರಿಯೂ ಕೂತಿತು. ಮನೆ ಮತ್ತು ಶಾಲೆ ಕೂಡಲಿಲ್ಲ, ಮೊದಲಲ್ಲಿ ಅ ಅಥವಾ ಆ ಇದ್ದರೆ ಗುರುತು ಸಿಗುವುದಿಲ್ಲ. ತಲೆಯೂ ಇದೆ, ಮರಿಯೂ ಇದೆ. ಬಲೆಯೂ ಇದೆ, ಚಳಿಯೂ ಇದೆ. ಅವನ್ನು ಕಣ್ಣಿನಿಂದಲೇ ಕಲಿಯಬೇಕು.

ಮೊದಲ ಚೀಟಿಯನ್ನು ನಾನು ಎರಡು ಪುಟ ಬರೆದೆ. ಚಿಗವ್ವ ಓದಿ, "ಇದನ್ನ ಓದೂದ್ರಾಗ ಆಕಿ ಒಂದ ಸಾಲ ಕಬ್ಬ ಕಡೀತಾಳ" ಎಂದು ತಿರುಗಿ ಕೊಟ್ಟಳು. ತಮಿಳು ಹೋಯಿತು, ಬೇಂದ್ರೆ ಹೋದರು. ಎರಡನೆಯದು ಅರ್ಧ ಪುಟಕ್ಕೆ ಬಂತು. ಅದನ್ನೇ ಕಳಿಸಿದೆವು.

ಎಂಟು ದಿನಕ್ಕೆ ಚೀಟಿ ತಿರುಗಿ ಬಂತು. ಹಿಂದೆ ಸೀಸದಕಡ್ಡಿಯಲ್ಲಿ ತಾಯಿ ಬರೆದಿದ್ದಳು: 'ನೀವು ಹೇಳಿದಂಗ ಮಾಡಿದ್ವಿ. ಹುಡುಗಿ ರೊಟ್ಟೆ ಅಂತ ಬರದಾಳ. ಇದು ಸರಿ ಏನ್ರಿ?' ನಾನು ತಲೆ ಮೇಲೆ ಕೈ ಇಟ್ಟುಕೊಂಡೆ. ತಪ್ಪು ಹುಡುಗಿಯದಲ್ಲ, ತಾಯಿಯದೂ ಅಲ್ಲ. ಮೊದಲಲ್ಲಿ 'ಒ' ಇದೆ, ಹಾಗಾಗಿ ಕೊನೆಗೆ ಎ ಎಂದು ಚೀಟಿಯ ಪ್ರಕಾರವೇ ನಡೆದಿದ್ದರು. ಒತ್ತಕ್ಷರ ಬಂದ ಕಡೆ ಈ ಗುರುತು ನಡೆಯುವುದಿಲ್ಲ ಎಂದು ಬರೆಯುವುದನ್ನು ನಾನೇ ಮರೆತಿದ್ದೆ. ರೊಟ್ಟಿ, ಬೆಳ್ಳಿ, ದೊಡ್ಡಿ ಎಲ್ಲ ಇದಕ್ಕೆ ಹೊರಗು. ಮೊದಲಕ್ಷರ ದೀರ್ಘವಾಗಿದ್ದರೂ ನಡೆಯುವುದಿಲ್ಲ: ಬೇಲಿಯೂ ಸರಿ, ವೇಳೆಯೂ ಸರಿ. ಗುಹೆ, ಶಿಲೆಯಂಥ ಸಂಸ್ಕೃತದ ಪದಗಳೂ ಇದರ ಮಾತು ಕೇಳುವುದಿಲ್ಲ. ದಿನಾ ರೊಟ್ಟಿ ಬಡಿಯುವ ಮನೆಗೆ ರೊಟ್ಟಿಯೇ ಸಿಗದ ನೇಮ ಕಳಿಸಿದ್ದೆ.

ಮೂರನೆಯ ಸಲ ಬರೆದದ್ದು ಹೀಗಿದೆ:

'ಅವ್ವಾರಿಗೆ ನಮಸ್ಕಾರ. ನಿಮ್ಮ ಮಗಳ ಅಂಕ ಹೋಗಿದ್ದು ಹೆಚ್ಚಾಗಿ ಒಂದೇ ಕಾರಣಕ್ಕೆ. ನಾವು ಮನಿ, ಹೊಳಿ ಅಂತೀವಿ. ಪುಸ್ತಕದಲ್ಲಿ ಮನೆ, ಹೊಳೆ ಅಂತ ಬರೀತಾರೆ. ನಿಮ್ಮ ಮಾತು ತಪ್ಪಲ್ಲ, ಅದನ್ನು ಬದಲು ಮಾಡಬ್ಯಾಡ್ರಿ.

ದಿನಾ ಸಂಜೆ ಪಾಠದಿಂದ ಐದು ಪದ ಆರಿಸಿ ಚೀಟಿ ಮಾಡ್ರಿ. ಎರಡೇ ಅಕ್ಷರದ, ಒತ್ತಕ್ಷರ ಇಲ್ಲದ, ವಸ್ತುವಿನ ಅಥವಾ ಪ್ರಾಣಿಯ ಹೆಸರು ಇರಲಿ. ನೀವು ಮನೆಯ ಮಾತಿನಲ್ಲೇ ಪದ ಹೇಳ್ರಿ. ಮೊದಲಕ್ಷರದಲ್ಲಿ ಎ ಅಥವಾ ಒ ಕೇಳಿದರೆ ಕೊನೆಗೆ ಎ ಬರೀಲಿ: ಎಲೆ, ಹೊಳೆ. ಇ ಅಥವಾ ಉ ಕೇಳಿದರೆ ಸಾಮಾನ್ಯವಾಗಿ ಕೊನೆಗೆ ಇ: ಇಲಿ, ಕುರಿ. ಅ ಕೇಳಿದರೆ, ಇಲ್ಲಾ ಮೊದಲಕ್ಷರ ಎಳೆದು ಹೇಳುವಂಥದ್ದಾದರೆ, ಊಹೆ ಮಾಡದೆ ಪುಸ್ತಕ ತೆಗೆದು ನೋಡಲಿ. ಮನೆ, ಶಾಲೆ ಅಂಥವು.

ಬರೆದಾದ ಮೇಲೆ ಕೊನೆಯ ಅಕ್ಷರದ ಕೆಳಗೆ ಬೆರಳಿಟ್ಟು ಪುಸ್ತಕದ ಜೋಡಿ ಹೊಂದಿಸಿ ನೋಡಲಿ. ತಪ್ಪಾದರೆ ಹತ್ತು ಸಲ ಬರೆಸಬ್ಯಾಡ್ರಿ. ಒಂದು ಸಲ ತಿದ್ದಿ, ಮರುದಿನ ಅದೇ ಪದ ಮತ್ತೆ ಕೇಳ್ರಿ. ಕುರೆ, ಹುಲೆ ಅಂತ ಬರೆಯಾಕ ಹತ್ತಿದರೆ ಎರಡು ದಿನ ಬಿಟ್ಟು ಬಿಡ್ರಿ, ನನಗೆ ಹೇಳಿ ಕಳಿಸ್ರಿ. ರೊಟ್ಟಿ ಅಂತ ಬರೆಯೂದೇ ಸರಿ, ತಪ್ಪು ನಮ್ಮ ಚೀಟಿಯದು.'

ಚಿಗವ್ವ ತನ್ನ ಕಡೆಯಿಂದ ಒಂದು ಬದಲಾವಣೆ ಮಾಡಿದಳು. ಒಂದೇ ಪದ ಮೂರು ಸಲ ತಪ್ಪಾದರೆ ಇನ್ನು ಮೇಲೆ ಒಂದೇ ತಪ್ಪು. ಆ ಲೆಕ್ಕದಲ್ಲಿ ಹಳೆಯ ಹಾಳೆ ನೋಡಿದರೆ ತಪ್ಪು ಪದ ಎಂಟೇ. ಹುಡುಗಿಗೆ ಆರು ಅಂಕ ಬರುತ್ತಿತ್ತು.

ಸಂಕ್ರಾಂತಿಗೆ ಊರಿಗೆ ಹೋದಾಗ ಪಟ್ಟಿ ಮತ್ತೆ ನೋಡಿದೆ. ಹೊಳೆ, ಕೆರೆ, ಎಲೆ ಸರಿಯಾಗಿದ್ದವು. ಕುರಿ ಮತ್ತೆ ಕುರಿಯಾಗಿತ್ತು. 'ಮನಿ' ಒಂದು ಕಡೆ ಇನ್ನೂ ಇತ್ತು, ಅದರ ಕೆಳಗೆ ಗೆರೆ ಎಳೆದು ಹುಡುಗಿ ತಾನೇ ಮೇಲೆ 'ನೆ' ಎಂದು ಬರೆದಿದ್ದಳು. ಪಟ್ಟಿಯ ರಟ್ಟಿನೊಳಗೆ ಸಣ್ಣ ಚೀಟಿಗಳ ಮೂರು ಗಂಟು ಸಿಕ್ಕವು. ಪದಗಳು ಎರಡು ಕೈಯಲ್ಲಿದ್ದವು, ಅರ್ಧ ಹುಡುಗಿಯದು, ಅರ್ಧ ತಾಯಿಯದು.