ಲೆಕ್ಕದ ಅಂಜಿಕೆ ಕಳೆದ ಬಗೆ



ಮಠದ ಪ್ರೌಢಶಾಲೆಯ ಒಂದು ಕೊಠಡಿಯಲ್ಲಿ ಸಂಜೆಯ ವೇಳೆ ಹಿರಿಯರಿಗೆ ಪಾಠ ನಡೆಯುತ್ತಿರುವುದು ನಿಮ್ಮಲ್ಲಿ ಹಲವರಿಗೆ ತಿಳಿದ ಸಂಗತಿ. ಎಂದೋ ಶಾಲೆ ಬಿಟ್ಟು, ಸಂಸಾರ ದುಡಿಮೆಗಳಲ್ಲಿ ಅರ್ಧ ಆಯುಷ್ಯ ಕಳೆದು, ಈಗ ಖಾಸಗಿಯಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂಡಬಯಸುವವರು ಅಲ್ಲಿಗೆ ಬರುತ್ತಾರೆ. ಕನ್ನಡ, ಸಮಾಜ ವಿಜ್ಞಾನಗಳ ಪಾಠಕ್ಕೆ ಅವರು ಸಂತೋಷದಿಂದಲೇ ಕೂಡುವರು. ಗಣಿತದ ದಿನ ಮಾತ್ರ ಒಬ್ಬರಿಗೆ ತಲೆನೋವು, ಇನ್ನೊಬ್ಬರ ಮನೆಗೆ ಬೀಗರು ಬಂದಿರುತ್ತಾರೆ. ಆ ತಲೆನೋವಿನ ಪರಿಚಯ ನಮಗೂ ಉಂಟು. ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದ ನಾವು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ವಿಶ್ವವಿದ್ಯಾಲಯದ ದಾರಿ ಹಿಡಿಯಲು ಅದೇ ಪರೀಕ್ಷೆಗೆ ಕುಳಿತೆವು. ವ್ಯಾಕರಣದ ಸೂತ್ರಗಳನ್ನು ತಡೆಯಿಲ್ಲದೆ ಹೇಳಬಲ್ಲವರಾಗಿದ್ದರೂ ಭಿನ್ನರಾಶಿಯ ಪ್ರಶ್ನೆ ಕಂಡೊಡನೆ ಅಂಗೈ ಬೆವತು ಅಕ್ಷರ ಕಲಸಿಹೋಗುತ್ತಿದ್ದವು. ಮೊದಲ ಸಲ ಗಣಿತದಲ್ಲಿ ಉತ್ತೀರ್ಣರಾಗಲಿಲ್ಲ. ಇಷ್ಟಾಗಿಯೂ ಪಾಠ ಹೇಳುವ ಸ್ಥಾನದಲ್ಲಿ ನಿಂತಾಗ ನಾವು ಅದನ್ನು ಮರೆತೆವು. ಆ ಮರೆವಿನ ಕಥೆಯನ್ನೇ ಮೊದಲು ಹೇಳಬೇಕು.

ಕೆಲವು ವರ್ಷಗಳ ಹಿಂದೆ ಹೊಲಿಗೆಯಿಂದ ಜೀವನ ಸಾಗಿಸುವ ಮೂವತ್ತೆಂಟರ ಒಬ್ಬ ತಾಯಿ ತರಗತಿಗೆ ಸೇರಿದರು. ಮೊದಲ ದಿನವೇ ನಾವು ಅವರನ್ನು ಕಪ್ಪುಹಲಗೆಯ ಬಳಿಗೆ ಕರೆದು, 1/2 ಕ್ಕೆ 1/3 ಕೂಡಿಸಲು ಹೇಳಿದೆವು. ಅವರು ಬಹಳ ಹೊತ್ತು ನಿಂತು 2/5 ಎಂದು ಬರೆದರು. ಹಿಂದಿನಿಂದ ಯಾರೋ ನಕ್ಕರು. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, “ಅಜ್ಜಾರ, ನನ್ನ ತಲೀಗೆ ಲೆಕ್ಕ ಹತ್ತೂದಿಲ್ರಿ” ಎಂದು ಹೇಳಿ ಹೋದವರು ಎರಡು ವಾರ ಬರಲಿಲ್ಲ. ತಪ್ಪು ಅವರದಲ್ಲ, ನಮ್ಮದು. ಜನರೆದುರು ನಿಲ್ಲಿಸುವುದು, ಬೇಗ ಉತ್ತರಿಸೆಂದು ಅವಸರಿಸುವುದು, ಒಂದೇ ಉತ್ತರದಿಂದ ಅಳೆಯುವುದು, ಈ ಮೂರರಿಂದಲೇ ಲೆಕ್ಕದ ಅಂಜಿಕೆ ಬೆಳೆಯುತ್ತದೆ. ಮೂರನ್ನೂ ನಾವು ಐದು ನಿಮಿಷದಲ್ಲಿ ಮಾಡಿ ಮುಗಿಸಿದ್ದೆವು.

ಅಂಜಿದ ಮನಸ್ಸು ಲೆಕ್ಕದಲ್ಲಿ ಏಕೆ ಎಡವುತ್ತದೆ? ಕೂಡುವಾಗ ದಶಕವನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಅಂಕಿಗೆ ಹೋಗಬೇಕಲ್ಲವೆ? ಹಾಗೆ ಕ್ಷಣಕಾಲ ಹಿಡಿದಿಡುವ ಶಕ್ತಿಯನ್ನು ಮನಶ್ಶಾಸ್ತ್ರಜ್ಞರು ಕಾರ್ಯಸ್ಮೃತಿ ಎನ್ನುತ್ತಾರೆ. ಅದು ಚಿಕ್ಕದೊಂದು ಪಾಟಿಯಿದ್ದಂತೆ. ಅಮೇರಿಕೆಯ ಆಶ್‌ಕ್ರಾಫ್ಟ್ ಮತ್ತು ಕರ್ಕ್ ಎಂಬವರು 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗಣಿತದ ಅಂಜಿಕೆ ಹೆಚ್ಚಿದ್ದವರು ದಶಕ ಒಯ್ಯುವ ಲೆಕ್ಕದ ಜೊತೆಗೆ ಕೆಲವು ಅಕ್ಷರಗಳನ್ನೂ ನೆನಪಿಡಬೇಕಾದಾಗ ಹೆಚ್ಚು ತಪ್ಪಿದ್ದು ಕಂಡುಬಂದಿತು. “ತಪ್ಪಾದರೆ ನಗುತ್ತಾರೆ, ಇದು ನನಗೆ ಎಂದೂ ಬಾರದು” ಎಂಬ ಮಾತುಗಳೇ ಪಾಟಿಯ ಅರ್ಧವನ್ನು ತುಂಬಿಬಿಟ್ಟರೆ ಅಂಕಿಗಳಿಗೆ ಸ್ಥಳವೆಲ್ಲಿ? ಆದ್ದರಿಂದ ಮಾಡಬೇಕಾದ ಕೆಲಸ ಎರಡು. ಪಾಟಿಯ ಮೇಲೆ ಒಂದು ಸಲಕ್ಕೆ ಇಡುವ ಭಾರವನ್ನು ಚಿಕ್ಕದು ಮಾಡಬೇಕು. ಅಂಜಿಕೆಯ ಮಾತುಗಳನ್ನು ಪಾಟಿಯಿಂದ ತೆಗೆದು ಕಾಗದಕ್ಕೆ ಇಳಿಸಬೇಕು. ಚಿಕ್ಕ ಗೆಲುವು ಮೊದಲನೆಯದಕ್ಕೆ ಸಾಧನ, ದಿನಚರಿ ಎರಡನೆಯದಕ್ಕೆ.

ನಾವೇ ಕರೆಕಳುಹಿಸಿ, ತಪ್ಪು ನಮ್ಮದೆಂದು ಹೇಳಿದ ಮೇಲೆ ಆ ತಾಯಿ ಮತ್ತೆ ಬಂದರು. ಈ ಸಲ ಹಲಗೆಯ ಹತ್ತಿರ ಕರೆಯಲಿಲ್ಲ. ಹನ್ನೆರಡು ಇಂಚಿನ ಒಂದು ಕಾಗದದ ಪಟ್ಟಿ ಕತ್ತರಿಸಿ ಅವರ ಮುಂದಿಟ್ಟು, “ತಂಗಿ, ಇದರ ಅರ್ಧ ಎಷ್ಟು ಇಂಚು?” ಎಂದೆವು. ಟೇಪನ್ನೂ ಹಿಡಿಯದೆ “ಆರು” ಎಂದರು. “ಮೂರರಲ್ಲಿ ಒಂದು ಪಾಲು?” “ನಾಕು.” “ಎರಡೂ ಸೇರಿದರೆ?” “ಹತ್ತು.” “ಇಡೀ ಪಟ್ಟಿ ಹನ್ನೆರಡು. ನೀವು ತೆಗೆದುಕೊಂಡದ್ದು ಹತ್ತು. ಹಾಗೆಯೇ ಬರೆಯಿರಿ.” ಅವರು 10/12 ಎಂದು ಬರೆದರು. ಬಳಿಕ ನಾವು ಅಂದಿನ 2/5 ನ್ನು ನೆನಪಿಸಿ, ಅದು ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ ಎಂದಷ್ಟೇ ಕೇಳಿದೆವು. ಅವರು ಪಟ್ಟಿಯನ್ನು ಐದು ಪಾಲಾಗಿ ಮಡಚಲು ಯತ್ನಿಸಿ, ಎರಡು ಪಾಲು ಸೇರಿದರೂ ಐದು ಇಂಚೂ ಆಗದೆಂದು ಕಂಡು, “ಅರ್ಧಕ್ಕ ಇನ್ನಷ್ಟು ಕೂಡಿಸಿದ್ರ ಅರ್ಧಕ್ಕಿಂತ ಕಡಿಮಿ ಹೆಂಗಾಕ್ಕೈತ್ರಿ!” ಎಂದು ತಾವೇ ನಕ್ಕರು. ಮೇಲಿನ ಅಂಕಿಗೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಸುವ ತಪ್ಪು ಅಂದಿಗೆ ಮುಗಿಯಿತು. ನಾವು ತಿದ್ದಿದ್ದರೆ ಮತ್ತೊಂದು ಅಪಮಾನವಾಗುತ್ತಿತ್ತು. ಅವರೇ ಹಿಡಿದುದರಿಂದ ಗೆಲುವಾಯಿತು.

ಇಲ್ಲಿ ಚಿಕ್ಕ ಗೆಲುವು ಎಂದರೇನೆಂಬುದನ್ನು ಸ್ಪಷ್ಟಪಡಿಸಬೇಕು. ಸುಲಭವಾದ ಲೆಕ್ಕ ಕೊಟ್ಟು “ಭೇಷ್” ಎನ್ನುವುದು ಗೆಲುವಲ್ಲ. ಹಿರಿಯ ವಯಸ್ಸಿನವರು ಆ ಹೊಗಳಿಕೆಯ ಟೊಳ್ಳನ್ನು ಒಡನೆಯೇ ಗುರುತಿಸಿ, ತಮ್ಮನ್ನು ಮಗುವೆಂದು ಬಗೆದರೆಂದು ಮುದುಡುತ್ತಾರೆ. ಹತ್ತು ನಿಮಿಷದಲ್ಲಿ ಮುಗಿಯಬೇಕು, ನಿನ್ನೆಗಿಂತ ಒಂದೇ ಒಂದು ಹೊಸ ಸಂಗತಿ ಇರಬೇಕು, ಸರಿಯಾಯಿತೆಂಬುದನ್ನು ಗುರುವಿನ ಮುಖ ನೋಡದೆ ತಾವೇ ಪರೀಕ್ಷಿಸಿಕೊಳ್ಳಲು ಬರಬೇಕು. ಈ ಮೂರು ಇದ್ದರೆ ಅದು ಗೆಲುವು. ಬಂಡೂರಾ ಮತ್ತು ಶಂಕ್ 1981ರಲ್ಲಿ, ಕಳೆಯುವ ಲೆಕ್ಕದಲ್ಲಿ ಹಿಂದುಳಿದ ಮಕ್ಕಳಿಗೆ ನಲವತ್ತೆರಡು ಪುಟಗಳ ಅಭ್ಯಾಸ ಕೊಟ್ಟು, ಕೆಲವರಿಗೆ ಒಂದು ಬೈಠಕ್ಕಿಗೆ ಆರು ಪುಟವೆಂಬ ಹತ್ತಿರದ ಗುರಿಯನ್ನೂ, ಕೆಲವರಿಗೆ ಕೊನೆಯೊಳಗೆ ಎಲ್ಲವನ್ನೂ ಮುಗಿಸುವ ದೂರದ ಗುರಿಯನ್ನೂ ಸೂಚಿಸಿದ್ದರು. ಹತ್ತಿರದ ಗುರಿಯವರು ಲೆಕ್ಕದಲ್ಲಿಯೂ ತಮ್ಮ ಮೇಲಿನ ನಂಬಿಕೆಯಲ್ಲಿಯೂ ಮುಂದಾದರು. ಅದು ಮಕ್ಕಳ ಮೇಲಿನ ಪ್ರಯೋಗವೆಂಬುದು ನಿಜ. ನಮ್ಮ ಹಿರಿಯರಲ್ಲಿಯೂ ನಾವು ಕಂಡದ್ದು ಬಹುಮಟ್ಟಿಗೆ ಅದನ್ನೇ.

ಹೊಲಿಗೆಯ ತಾಯಿಗೆ ನಾವು ಹಾಕಿದ ಮೆಟ್ಟಿಲುಗಳು ಹೀಗಿದ್ದವು. ಮೊದಲ ವಾರ ಹನ್ನೆರಡರ ಪಟ್ಟಿಗೆ ಹೊಂದುವ ಲೆಕ್ಕಗಳು ಮಾತ್ರ: 1/4 ಕ್ಕೆ 1/3 ಕೂಡಿಸಿದರೆ ಮೂರು ಮತ್ತು ನಾಲ್ಕು ಇಂಚು, 7/12, 3/4 ರಲ್ಲಿ 2/3 ಕಳೆದರೆ ಒಂಬತ್ತರಲ್ಲಿ ಎಂಟು ಹೋಗಿ 1/12. ಎರಡನೆಯ ವಾರ 1/2 ಕ್ಕೆ 1/5 ಕೂಡಿಸಲು ಕೊಟ್ಟೆವು. ಹನ್ನೆರಡು ಇಂಚು ಐದು ಸಮಪಾಲಾಗಿ ನೇರವಾಗಿ ಒಡೆಯದು. ಬೇರೆ ಉದ್ದದ ಪಟ್ಟಿ ಬೇಕೆಂದು ಅವರಿಗೇ ತೋರಬೇಕಾಗಿತ್ತು. ಅರ್ಧ ದಿನ ಯೋಚಿಸಿ ಹತ್ತಿಂಚಿನ ಪಟ್ಟಿ ಕತ್ತರಿಸಿ ತಂದರು. ಐದು ಮತ್ತು ಎರಡು, 7/10. ಪುಸ್ತಕದಲ್ಲಿ ‘ಸಾಮಾನ್ಯ ಛೇದ’ ಎಂದಿರುವುದು ಇದೇ ಪಟ್ಟಿಯ ಉದ್ದವೆಂದು ನಾವು ಹೇಳಿದ್ದು ಆ ಮೇಲೆ. ಕೆಲಸ ಮೊದಲು ಬಂದು ಹೆಸರು ಹಿಂದೆ ಬಂದರೆ ಹೆಸರು ಹೆದರಿಸುವುದಿಲ್ಲ. ಮೂರನೆಯ ವಾರ ಪಟ್ಟಿಯನ್ನು ಬದಿಗಿಟ್ಟು ಕಾಗದದ ಮೇಲೆ ಗೆರೆ ಎಳೆದೆವು, ನಾಲ್ಕನೆಯದರಲ್ಲಿ ಗೆರೆಯನ್ನೂ ಬಿಟ್ಟು ಅಂಕಿಗಳಷ್ಟೇ ಉಳಿದವು.

ಇನ್ನು ದಿನಚರಿಯ ಮಾತು. ಶೀಲಾ ಟೋಬಿಯಸ್ ಎಂಬ ಅಮೇರಿಕನ್ ಲೇಖಕಿ ಗಣಿತದ ಅಂಜಿಕೆಯನ್ನು ಕುರಿತು 1978ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಪುಟವನ್ನು ನಡುವೆ ಗೆರೆಯೆಳೆದು ಇಬ್ಭಾಗಿಸಿ, ಒಂದು ಬದಿಗೆ ಲೆಕ್ಕವನ್ನು, ಇನ್ನೊಂದು ಬದಿಗೆ ಆಗ ಮನಸ್ಸು ಆಡಿದ ಮಾತನ್ನು ಬರೆಯುವ ಪದ್ಧತಿಯನ್ನು ಅವರು ಬಳಕೆಗೆ ತಂದರು. ನಾವು ಅದನ್ನು ನೂರು ಪುಟದ ಸಾಮಾನ್ಯ ನೋಟುಪುಸ್ತಕಕ್ಕೆ ಇಳಿಸಿಕೊಂಡೆವು. ನಿಯಮಗಳು ನಾಲ್ಕೇ. ಅಳಿಸಬಾರದು, ತಪ್ಪಿದ್ದನ್ನು ಒಂದು ಗೆರೆಯಿಂದ ಹೊಡೆಯಬೇಕು. ಕೈ ನಿಂತೊಡನೆ ಎದುರು ಬದಿಯಲ್ಲಿ ಒಂದು ಸಾಲು ಬರೆಯಬೇಕು. ದಿನದ ಕೊನೆಗೆ ಎಲ್ಲಿ ನಿಂತೆ, ಏನು ಮಾಡಿ ಮುಂದೆ ಹೋದೆ, ನಾಳೆ ಎಲ್ಲಿಂದ ಹಿಡಿಯಬೇಕು ಎಂಬ ಮೂರು ಸಾಲು ಇರಬೇಕು. ಗುರುವು ಓದಬಹುದು, ಅಂಕ ಕೊಡಕೂಡದು.

ಮೊದಲ ವಾರದ ಪುಟಗಳಲ್ಲಿ ಆ ತಾಯಿ “ನನಗ ಬರೂದಿಲ್ಲ” ಎಂದೇ ಬರೆದಿದ್ದರು, ಒಂದು ದಿನ ಐದು ಸಲ. ಮೂರನೆಯ ವಾರದಲ್ಲಿ “ಕೆಳಗಿನ ಅಂಕಿ ಬ್ಯಾರೆ ಬ್ಯಾರೆ ಇದ್ದರ ನಿಲ್ಲತೇನಿ” ಎಂದಿತ್ತು. ಓದುಗರೇ, ಈ ಎರಡು ವಾಕ್ಯಗಳ ನಡುವಿನ ದೂರವನ್ನು ಗಮನಿಸಿ. ಮೊದಲನೆಯದು ತನ್ನ ಮೇಲೆ ತಾನೇ ಕೊಟ್ಟುಕೊಂಡ ತೀರ್ಪು. ಅದಕ್ಕೆ ಯಾವ ಗುರುವೂ ಉತ್ತರ ಹೇಳಲಾರ. ಎರಡನೆಯದು ಒಂದು ಜಾಗದ ಗುರುತು. ಅಲ್ಲಿಗೆ ಹೋಗಿ ಕೆಲಸ ಮಾಡಬಹುದು. ಅಂಜಿಕೆ ಕರಗುತ್ತಿದೆಯೋ ಇಲ್ಲವೋ ಎಂಬುದನ್ನು ನಾವು ತಿಳಿಯುವುದು ಅಂಕಗಳಿಂದಲ್ಲ, ಈ ಬದಲಾವಣೆಯಿಂದ.

ಐದನೆಯ ವಾರ 3/8 ಕ್ಕೆ 1/6 ಕೂಡಿಸುವ ಲೆಕ್ಕದಲ್ಲಿ ಹಳೆಯ ಅಂಜಿಕೆ ಮರಳಿತು. ಪಕ್ಕದವರು ಇಪ್ಪತ್ನಾಲ್ಕನ್ನು ಛೇದವಾಗಿ ಹಿಡಿದು 13/24 ತಂದಿದ್ದರು. ಇವರು ಎಂಟು ಆರಲೆ ನಲವತ್ತೆಂಟೆಂದು ಹಿಡಿದು 26/48 ತಂದಿದ್ದರು. ಪಕ್ಕದ ಪುಸ್ತಕ ನೋಡಿ ಎದುರು ಬದಿಯಲ್ಲಿ “ಮತ್ತ ತಪ್ಪಿತು, ಇಷ್ಟ ದಿನದ್ದು ಸುಳ್ಳು” ಎಂದು ಬರೆದರು. ದಿನಚರಿ ಇಲ್ಲದಿದ್ದರೆ ನಾವು ಅದನ್ನು ಕಾಣುತ್ತಲೇ ಇರಲಿಲ್ಲ. ಅವರು ಮತ್ತೆ ಎರಡು ವಾರ ಬರುತ್ತಿರಲಿಲ್ಲ. “ಪಟ್ಟಿ ಉದ್ದವಾಯಿತು, ಅಷ್ಟೇ, ಅರಿವೆ ಹೆಚ್ಚು ತಂದರೆ ಅಂಗಿ ಕೆಡುತ್ತದೆಯೆ?” ಎಂದು ಕೇಳಿ, ಎರಡರಿಂದ ಭಾಗಿಸಲು ಹೇಳಿದೆವು. 13/24 ಬಂದಿತು. ಅಂದಿನ ಕೊನೆಯ ಸಾಲು: “ದೊಡ್ಡ ಪಟ್ಟಿನೂ ನಡೀತೈತಿ, ಆಮ್ಯಾಲೆ ಕತ್ತರಿಸಬೇಕು.”

ಈ ವಿಧಾನ ಎಲ್ಲಿ ಕೆಡುತ್ತದೆಂಬುದನ್ನೂ ಹೇಳಬೇಕು. ದಿನಚರಿ ಬರಿಯ ಅಳಲಾದರೆ ಪ್ರಯೋಜನವಿಲ್ಲ. ಎದುರು ಬದಿ ತುಂಬಿ ಲೆಕ್ಕದ ಬದಿ ಬರಿದಾಗಿದ್ದರೆ ಮೆಟ್ಟಿಲು ಎತ್ತರವಾಯಿತೆಂದು ಅರ್ಥ, ಅದನ್ನು ಒಡೆಯಬೇಕು. ಬರೆಯುವುದೇ ಕಷ್ಟವಾದವರಿಗೆ ಎರಡನೆಯ ಅಂಜಿಕೆ ಅಂಟಿಸಬಾರದು. ಅವರು ಬಾಯಲ್ಲಿ ಹೇಳಿದ್ದನ್ನು ಸಹಪಾಠಿ ಬರೆಯಲಿ. ಪರೀಕ್ಷೆಗೆ ಮುನ್ನ ಹತ್ತು ನಿಮಿಷ ಚಿಂತೆಗಳನ್ನು ಬರೆದವರ ಅಂಕ ಏರಿತೆಂದು ರಾಮಿರೆಸ್ ಮತ್ತು ಬೈಲಾಕ್ 2011ರಲ್ಲಿ ವರದಿ ಮಾಡಿದರು. ಆದರೆ ಅನಂತರದ ಮರುಪರೀಕ್ಷೆಗಳಲ್ಲಿ ಅದೇ ಫಲ ಎಲ್ಲೆಡೆ ದೊರೆಯಲಿಲ್ಲ. ಬರೆದಮಾತ್ರಕ್ಕೆ ಲೆಕ್ಕ ಬಾರದು. ಇನ್ನೊಂದು, ಮೆಟ್ಟಿಲುಗಳ ಸುಖಕ್ಕೆ ಮಹಡಿಯನ್ನೇ ಮರೆಯುವ ಅಪಾಯ. ನಾವು ಮರೆತೆವು. ಭಿನ್ನರಾಶಿ, ಸಮೀಕರಣಗಳಲ್ಲಿಯೇ ದಿನ ಕಳೆದು ರೇಖಾಗಣಿತಕ್ಕೆ ತಡವಾಗಿ ಕೈಹಾಕಿದೆವು. ಗಡಿಯಾರ ಇಟ್ಟು ಅಭ್ಯಾಸ ಮಾಡಿಸಲೇ ಇಲ್ಲ. ಮೊದಲ ಪರೀಕ್ಷೆಯಲ್ಲಿ ಅವರು ಗಣಿತದಲ್ಲಿ ತೇರ್ಗಡೆಯಾಗಲಿಲ್ಲ.

ಫಲಿತಾಂಶ ಬಂದ ಸಂಜೆ ಅವರು ಬರಲಾರರೆಂದು ನಾವು ಎಣಿಸಿದ್ದೆವು. ಬಂದರು, ನೋಟುಪುಸ್ತಕದೊಡನೆ. “ಅಜ್ಜಾರ, ವೃತ್ತದ ಪ್ರಮೇಯ ಮುಟ್ಟಲೇ ಇಲ್ರಿ, ಕಡೀ ಎರಡ ಲೆಕ್ಕಕ್ಕ ಯಾಳೆ ಸಾಲಲಿಲ್ರಿ. ಉಳಿದದ್ದು ಬಂದೈತಿ” ಎಂದರು. ತಲೆಗೆ ಹತ್ತುವುದಿಲ್ಲವೆಂಬ ಮಾತು ಅದರಲ್ಲಿ ಇರಲಿಲ್ಲ. 2024ರಲ್ಲಿ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂದುದು ಅವರಿಗೆ ಅನುಕೂಲವಾಯಿತು. ವೃತ್ತವನ್ನು ಮೆಟ್ಟಿಲಾಗಿ ಒಡೆದು, ವಾರಕ್ಕೆರಡು ಸಲ ಗಡಿಯಾರವಿಟ್ಟು ಬರೆದು, ಎರಡನೆಯ ಪರೀಕ್ಷೆಯಲ್ಲಿ ತೇರ್ಗಡೆಯಾದರು.

ಆ ಹನ್ನೆರಡಿಂಚಿನ ಪಟ್ಟಿ ಈಗಲೂ ಕೊಠಡಿಯ ಕಪಾಟಿನಲ್ಲಿದೆ. ಹೊಸಬರು ಬಂದಾಗ ಅದನ್ನು ತೆಗೆದು ಅವರ ಕೈಗೆ ಕೊಡುವವರು ನಾವಲ್ಲ, ಆ ತಾಯಿ. ಹಲಗೆಯ ಹತ್ತಿರ ಯಾರನ್ನೂ ಕರೆಯಬಾರದೆಂದು ನಮಗೆ ನೆನಪಿಸುವವರೂ ಅವರೇ.